ಆರು ವಾರಕ್ಕೆ ಮಾತ್ರೆ ಸೋತಿತು ಅನ್ನಬೇಡಿ

“ಮಗನಿಗೆ ಸಿಕಲ್ ಸೆಲ್. ಹೈಡ್ರಾಕ್ಸಿಯೂರಿಯಾ ಶುರುವಾಗಿ ಆರು ವಾರ ಆಯ್ತು, ಮೊನ್ನೆ ಮತ್ತೆ ನೋವು ಬಂತು. ಮಾತ್ರೆ ಕೆಲಸ ಮಾಡ್ತಿಲ್ವಾ?”

ಹಾಗೆ ತೀರ್ಮಾನಿಸಲು ಆರು ವಾರ ಸಾಲದು. ಇದು ನೋವು ಬಂದಾಗ ನುಂಗುವ ಮಾತ್ರೆಯಲ್ಲ, ದಿನಾ ತಪ್ಪದೆ ಕೊಡಬೇಕು. ಮಗು ಹೊಟ್ಟೆಯಲ್ಲಿದ್ದಾಗ ಇರುವ ಫೀಟಲ್ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ಕಡಿಮೆಯಾಗುತ್ತದೆ. ಈ ಔಷಧ ಅದನ್ನು ಮತ್ತೆ ಹೆಚ್ಚಿಸುತ್ತದೆ. ಆಮ್ಲಜನಕ ಕಡಿಮೆಯಾದಾಗ ಸಿಕಲ್ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದ ಸರಪಳಿಯಾಗುತ್ತದೆ. ಫೀಟಲ್ ಹಿಮೋಗ್ಲೋಬಿನ್ ಆ ಸರಪಳಿಗೆ ಸೇರುವುದಿಲ್ಲ, ಬೆಳೆಯಲೂ ಬಿಡುವುದಿಲ್ಲ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವುದು, ಸಣ್ಣ ರಕ್ತನಾಳ ಕಟ್ಟುವುದು ಕಡಿಮೆಯಾಗುತ್ತದೆ. ನೋವು ಬರುವುದು ಅಲ್ಲಿಂದಲೇ ಅಲ್ವಾ? ಆದರೆ ಹಳೆ ಕಣಗಳ ಜಾಗಕ್ಕೆ ಹೊಸವು ಬರಬೇಕು, ಡೋಸ್ ಕೂಡ ಹಂತಹಂತವಾಗಿ ಏರಬೇಕು. ಪೂರ್ತಿ ಫಲಕ್ಕೆ ಹಲವು ತಿಂಗಳು ಬೇಕು.

ರಕ್ತದ ರಿಪೋರ್ಟ್‌ನಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ ನೋಡಿ. ಮೊದಲು 84 ಇದ್ದದ್ದು ಕ್ರಮೇಣ 98ರ ಹತ್ತಿರ ಬಂದರೆ ಔಷಧ ಕೆಲಸ ಮಾಡುತ್ತಿರುವ ಒಳ್ಳೆ ಸುಳಿವು. ಅಲುಗದಿದ್ದರೆ ಡೋಸ್ ಸಾಲದಿರಬಹುದು, ಮಾತ್ರೆ ತಪ್ಪುತ್ತಿರಬಹುದು.

1995ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ವಯಸ್ಕರ ನೋವಿನ ದಾಳಿಗಳು ಸುಮಾರು ಅರ್ಧಕ್ಕೆ ಇಳಿದವು, ಪೂರ್ತಿ ನಿಲ್ಲಲಿಲ್ಲ. ಡೋಸ್ ನೀವೇ ಏರಿಸಬೇಡಿ. ಬಿಳಿ ರಕ್ತಕಣ ತೀರಾ ಇಳಿಯಬಹುದು, ಅದಕ್ಕೇ ಆಗಾಗ ರಕ್ತಪರೀಕ್ಷೆ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.