ಸ್ಕ್ರ್ಯಾಬಲ್: 7 ಅಂಕದ ಪದ ಆಡಬೇಕಾ, ಟೈಲ್ ಬದಲಾಯಿಸಬೇಕಾ?

"ನನ್ನ ಹತ್ರ E I I R U U V ಇದೆ. RIVE ಆಡಿದ್ರೆ 7 ಅಂಕ, ಬೇರೆ ಒಳ್ಳೇದು ಕಾಣ್ತಿಲ್ಲ. ಚೀಲದಲ್ಲಿ 40ಕ್ಕಿಂತ ಜಾಸ್ತಿ ಟೈಲ್ ಇದೆ. ಆಡ್ಲಾ, ಬದಲಾಯಿಸ್ಲಾ?"

ಬದಲಾಯಿಸಿ ಮೇಡಂ. E, R ಇಟ್ಟುಕೊಂಡು ಉಳಿದ ಐದನ್ನು ಕೊಟ್ಟುಬಿಡಿ.

RIVE ಇಟ್ಟ ಮೇಲೆ ಏನು ಉಳಿಯುತ್ತದೆ ನೋಡಿ: I, U, U. ಕೈಯಲ್ಲಿದ್ದ ಎರಡು ಒಳ್ಳೆಯ ಟೈಲ್ 7 ಅಂಕಕ್ಕೆ ಹೋದವು, ತೊಂದರೆ ಕೊಡುವವು ಹಾಗೇ ಕೂತವು. ಹೊಸ ನಾಲ್ಕು ಎಷ್ಟೇ ಚೆನ್ನಾಗಿ ಬಂದರೂ ಎರಡು U ಜೊತೆ ಏಳಕ್ಷರದ ಪದ ಸಿಗುವುದು ಅಪರೂಪ. ಮುಂದಿನ ಸರದಿಯಲ್ಲೂ ಇಂಥದ್ದೇ ಸಣ್ಣ ಪದ ಆಡುತ್ತೀರಿ. E, R ಹಾಗಲ್ಲ. ಅವು ಪದದ ಕೊನೆಗೂ ಸೇರುತ್ತವೆ, ಶುರುವಿಗೂ ಸೇರುತ್ತವೆ. ಜೊತೆಗೆ ಐದು ಹೊಸದು ಬಂದರೆ ಏಳನ್ನೂ ಒಟ್ಟಿಗೆ ಇಳಿಸಿ 50 ಬೋನಸ್ ಹೊಡೆಯುವ ದಾರಿ ತೆರೆಯುತ್ತದೆ. ಅದು ಆಗದಿದ್ದರೂ 20ರ ಆಸುಪಾಸಿನ ಪದ ಸಿಗುವ ಸಾಧ್ಯತೆ ಚೆನ್ನಾಗಿದೆ.

ಆದರೆ ಅದೇ RIVE ಮೂರು ಪಟ್ಟಿನ ಮನೆ ಮೇಲೆ ಬಿದ್ದು 21 ಆಗುವಂತಿದ್ದರೆ ನಾನು ಯೋಚಿಸದೆ ಆಡುತ್ತಿದ್ದೆ. ಬದಲಾಯಿಸಿದರೆ ಆ ಸರದಿಗೆ ಸೊನ್ನೆ, ಅಷ್ಟು ಅಂಕ ಬಿಡುವುದು ದುಬಾರಿ. ಹತ್ತರ ಒಳಗಿದ್ದು ಉಳಿಕೆಯೂ ಕೆಟ್ಟದಾಗಿದ್ದರೆ ಬದಲಾಯಿಸುವುದು ಸರಿ. ಅಂಕ ಕಡಿಮೆ, ಆದರೆ ಉಳಿಕೆ ಚೆನ್ನಾಗಿದೆ ಅಂದರೆ ಆಡಿ. ಇನ್ನೊಂದು, ಬೋರ್ಡ್ ನೋಡಿ. ಏಳಕ್ಷರ ಇಡಲು ಎಲ್ಲೂ ಜಾಗ ಇಲ್ಲದಷ್ಟು ಬಿಗಿಯಾಗಿದ್ದರೆ, ಬದಲಾಯಿಸಿ ಸಿಗುವ ಲಾಭ ಅರ್ಧಕ್ಕರ್ಧ ಹೋಗುತ್ತದೆ.

ಮೇಲೆ ಒಬ್ಬರು ಸರ್ "Q ಇನ್ನೂ ಬಂದಿಲ್ಲ, ಒಂದು U ಇಟ್ಟುಕೊಳ್ಳಿ" ಅಂದಿದ್ದಾರೆ. Q ಕೈಯಲ್ಲೇ ಇದ್ದರೆ ಆ ಮಾತು ಸರಿ. ಇರುವುದು ಒಂದೇ Q, ಅದು ಎದುರಾಳಿ ಹತ್ತಿರವೂ ಇರಬಹುದು. ಬಂದರೂ QI ಅಂತ ಆಡಿ ಕಳಿಸಬಹುದು, U ಬೇಕಿಲ್ಲ. ಅದಕ್ಕಾಗಿ ಒಂದು ಜಾಗ ಹಾಳು ಮಾಡಬೇಡಿ.

ಕೊನೆಯಲ್ಲಿ ಐದೇ ಟೈಲ್ ಉಳಿದಾಗ ಬದಲಾಯಿಸಲು ಬಿಡಲಿಲ್ಲ ಅಂತ ಇನ್ನೊಬ್ಬರು ಬರೆದಿದ್ದಾರೆ. ಇಲ್ಲಿನ ಪ್ರಶ್ನೆಯೇ ಬೇರೆ, ಆದರೂ ಹೇಳುತ್ತೇನೆ: ಚೀಲದಲ್ಲಿ ಕನಿಷ್ಠ 7 ಟೈಲ್ ಇರಬೇಕು, ಅದೇ ನಿಯಮ. ಹಾಗಾಗಿ V, ಎರಡು U ಥರದ್ದು ಬಂದರೆ ಆಟದ ಕೊನೆವರೆಗೆ ಇಟ್ಟುಕೊಂಡು ಕಾಯಬೇಡಿ.

E, R ಜೊತೆ ಒಂದು I ಕೂಡ ಉಳಿಸಬೇಕಾ ಅನ್ನೋದರಲ್ಲಿ ನನ್ನ ಜೊತೆ ಆಡುವವರಿಗೂ ನನಗೂ ಒಮ್ಮತ ಇಲ್ಲ. ಬೋರ್ಡಿನಲ್ಲಿ ಆಗಲೇ ಸ್ವರಗಳು ಜಾಸ್ತಿ ಬಿದ್ದಿದ್ದರೆ ಉಳಿಸುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ಅವರು ಯಾವಾಗಲೂ ಉಳಿಸುತ್ತಾರೆ. ನಿಮ್ಮ ಬೋರ್ಡಿನ ಫೋಟೋ ಹಾಕಿ, ಎಣಿಸಿ ನೋಡೋಣ.