ಅಲಾರಂ ಕನ್ನಡಕ್ಕೆ ತರುವ ಮುಂಚೆ ಲ್ಯಾಡರ್ ತೆರೆಯಿರಿ

> ಹಾಸನದಲ್ಲಿ ನಮ್ಮದು ಕಾಫಿ ಕ್ಯೂರಿಂಗ್. ಹೊಸ ಲೈನಿಗೆ ಪಿಎಲ್‌ಸಿ ಹಾಕಿಸಿದ್ದೀವಿ. ಸ್ಕ್ರೀನ್‌ನಲ್ಲಿ ಬರೋ ಅಲಾರಂ ಎಲ್ಲಾ ಇಂಗ್ಲಿಷ್, ಅದೂ ಅರ್ಧರ್ಧ ಪದ. ನೈಟ್ ಶಿಫ್ಟ್ ಹುಡುಗರು ಐಟಿಐ ಮಾಡಿದವರು, ಕೆಲಸ ಚೆನ್ನಾಗಿ ಗೊತ್ತು. ಆದ್ರೆ ಅಲಾರಂ ಓದಿ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲ್ಲ. ಅಲಾರಂ, ಲ್ಯಾಡರ್ ಕಾಮೆಂಟ್ ಎರಡನ್ನೂ ಕನ್ನಡ ಮಾಡಿಸಬೇಕು. ಎಕ್ಸೆಲ್ ಶೀಟ್ ಇದೆ, ಯಾರ ಹತ್ರ ಕೊಡೋದು?

ಸರ್, ಶೀಟನ್ನು ಹೊರಗಿನವರಿಗೆ ಕೊಡಬೇಡಿ. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಆ ಶೀಟ್ ಒಂದನ್ನೇ ನೋಡಿ ಸರಿಯಾಗಿ ಬರೆಯಲು ಆಗುವುದಿಲ್ಲ. ಅಲಾರಂನ ಅರ್ಥ ಇರುವುದು ಲ್ಯಾಡರ್‌ನಲ್ಲಿ. ಆ ಬಿಟ್ ಯಾವ ರಂಗ್‌ನಲ್ಲಿ ಸೆಟ್ ಆಗುತ್ತದೆ ಅಂತ ತೆರೆದು ನೋಡಿದವರೇ ಕನ್ನಡ ಬರೆಯಬೇಕು. ಪ್ರೋಗ್ರಾಂ ಓದಲು ಬರುವ ಒಬ್ಬರು, ನಿಮ್ಮ ಶಿಫ್ಟ್ ಹುಡುಗರಲ್ಲಿ ಒಬ್ಬರು, ಇಬ್ಬರೂ ಜೊತೆಗೆ ಕೂತರೆ ಕೆಲಸ ಆಗುತ್ತದೆ.

ಹಾಸನದ ಹತ್ತಿರದ ಇನ್ನೊಂದು ಕ್ಯೂರಿಂಗ್‌ನಲ್ಲಿ ನಾನು ಈ ಕೆಲಸ ಮಾಡಿದ್ದೇನೆ. ಅಲ್ಲಿನ ಎರಡೇ ಅಲಾರಂ ತೆಗೆದುಕೊಂಡು ಹೇಳುತ್ತೇನೆ. ಎರಡೂ ಬಕೆಟ್ ಎಲಿವೇಟರ್ ಮೋಟಾರಿನವು. ಸ್ಕ್ರೀನ್ ಮೇಲೆ ಹೀಗೆ ಬರುತ್ತಿತ್ತು:

```
A047  M12 RUN FB FAIL
A048  M12 FB ON W/O CMD
```

ಮೊದಲು ಯಾರೋ ಶೀಟ್ ನೋಡಿ ಕನ್ನಡ ಮಾಡಿಕೊಟ್ಟಿದ್ದರು. ಮೊದಲನೆಯದು "ಮೋಟಾರ್ 12 ಓಡಲು ವಿಫಲ". ಎರಡನೆಯದು "ಮೋಟಾರ್ 12 ಫೀಡ್‌ಬ್ಯಾಕ್ ದೋಷ". ಓದಲು ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಲ್ಯಾಡರ್‌ನಲ್ಲಿ ಇದ್ದದ್ದು ಇದು:

```
|--] [ Q2.3 --]/[ I1.4 ------( TON T12  3s )
|--] [ T12.Q ----------------( S  M20.4 )   A047

|--]/[ Q2.3 --] [ I1.4 ------( TON T13  2s )
|--] [ T13.Q ----------------( S  M20.5 )   A048
```

`Q2.3` ಅಂದರೆ K12 ಕಂಟಾಕ್ಟರ್ ಕಾಯಿಲ್‌ಗೆ ಹೋಗುವ ಔಟ್‌ಪುಟ್. `I1.4` ಅಂದರೆ ಅದೇ ಕಂಟಾಕ್ಟರ್‌ನ ಆಕ್ಸಿಲರಿ, 13-14, ಅಲ್ಲಿಂದ ವಾಪಸ್ ಬರುವ 24 ವೋಲ್ಟ್. ಮೊದಲ ಅಲಾರಂ ಬರುವುದು ಕಂಟಾಕ್ಟರ್‌ಗೆ ಆರ್ಡರ್ ಹೋಗಿ 3 ಸೆಕೆಂಡ್ ಆದರೂ ಆ ಸಿಗ್ನಲ್ ವಾಪಸ್ ಬರದಿದ್ದಾಗ. ಮೋಟಾರ್ ಓಡಿತೋ ಇಲ್ಲವೋ ಅಂತ ಪಿಎಲ್‌ಸಿಗೆ ಗೊತ್ತೇ ಇಲ್ಲ. ಆ 3 ಸೆಕೆಂಡ್ ಮೋಟಾರ್ ಚೆನ್ನಾಗಿ ಓಡಿ, ಆಮೇಲೆ ಪ್ರೋಗ್ರಾಂ ಅದನ್ನು ನಿಲ್ಲಿಸಿರಬಹುದು. ಕಾರಣ ಬರೀ ಆಕ್ಸಿಲರಿಯಲ್ಲಿ ಧೂಳು ಕೂತಿದ್ದಿರಬಹುದು. ಹಲ್ಲಿಂಗ್ ನಡೆಯುವ ಕಡೆ ಹೊಟ್ಟಿನ ಧೂಳು ಪ್ಯಾನೆಲ್ ಒಳಗೂ ಹೋಗುತ್ತದೆ, ನಿಮಗೂ ಗೊತ್ತು.

"ಓಡಲು ವಿಫಲ" ಅಂತ ಓದಿದ ಹುಡುಗ ನೇರ ಮೋಟಾರ್ ಹತ್ತಿರ ಹೋಗುತ್ತಾನೆ. ಏಣಿ ಹತ್ತಿ ಮೇಲಿನ ಹೆಡ್ ಪುಲ್ಲಿವರೆಗೂ ಹೋಗಿ, ಟರ್ಮಿನಲ್ ಬಾಕ್ಸ್ ಬಿಚ್ಚಿ, ವೈಂಡಿಂಗ್ ಮೆಗ್ಗರ್ ಮಾಡುತ್ತಾನೆ. ಎಲ್ಲಾ ಸರಿ ಇರುತ್ತದೆ. ಕೆಳಗೆ ಬಂದು ರೀಸೆಟ್ ಒತ್ತಿದರೆ ಮತ್ತೆ ಅದೇ ಅಲಾರಂ. ನಾವು ಅದನ್ನು ಹೀಗೆ ಬರೆದೆವು:

"A047 ಎಲಿವೇಟರ್-2: ಆರ್ಡರ್ ಹೋಗಿದೆ, ಕಂಟಾಕ್ಟರ್ ಹಿಡಿದ ಸಿಗ್ನಲ್ ಬಂದಿಲ್ಲ. K12 ನೋಡಿ, 13-14, I1.4"

ಈಗ ಅವನು ಮೊದಲು ಹೋಗುವುದು ಪ್ಯಾನೆಲ್‌ಗೆ. K12 ಹಿಡಿಯುತ್ತಾ ನೋಡುತ್ತಾನೆ. ಹಿಡಿಯದಿದ್ದರೆ ಕಾಯಿಲ್, ಓವರ್‌ಲೋಡ್‌ನ 95-96, ಕಾಯಿಲ್ ಸಪ್ಲೈ. ಹಿಡಿದರೆ 13-14 ಮತ್ತು ಆ ತಂತಿ. ಇಷ್ಟರಲ್ಲೇ ಹುಡುಕಾಟ ಅರ್ಧ ಆಯಿತು.

ಎರಡನೆಯದು ಬಹಳ ಮುಖ್ಯ, ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಆರ್ಡರ್ ಇಲ್ಲ, ಆದರೂ ಕಂಟಾಕ್ಟರ್ ಹಿಡಿದ ಸಿಗ್ನಲ್ ಬರುತ್ತಿದೆ. ಅಂದರೆ ಕಂಟಾಕ್ಟ್ ವೆಲ್ಡ್ ಆಗಿ ಅಂಟಿಕೊಂಡಿರಬಹುದು. ಸ್ಟಾಪ್ ಒತ್ತಿದ್ದರೂ ಮೋಟಾರ್ ಓಡುತ್ತಲೇ ಇರಬಹುದು. "ಫೀಡ್‌ಬ್ಯಾಕ್ ದೋಷ" ಅಂತ ಓದಿದವನು, ಸೆನ್ಸರ್ ಏನೋ ಕೆಟ್ಟಿದೆ ಅಂದುಕೊಂಡು ಬೂಟ್‌ನ ಬಾಗಿಲು ತೆಗೆದು ಕೈ ಹಾಕಿದರೆ? ಇಲ್ಲಿ ತರ್ಜುಮೆ ತಪ್ಪಿದರೆ ಬೆರಳು ಹೋಗುತ್ತದೆ. ಅದಕ್ಕೆ ಇದರಲ್ಲಿ ಕಾರಣಕ್ಕಿಂತ ಮೊದಲು ಎಚ್ಚರಿಕೆ ಬರೆದೆವು:

"A048 ಎಲಿವೇಟರ್-2: ಓಡುತ್ತಿರಬಹುದು, ಕೈ ಹಾಕಬೇಡಿ! ಆರ್ಡರ್ ಇಲ್ಲದೆ K12 ಹಿಡಿದಿದೆ. ಬ್ರೇಕರ್ ಇಳಿಸಿ"

ಸ್ಟಾಪ್ ಒತ್ತಿ ಅಂತ ಬರೆಯಲಿಲ್ಲ. ಅಂಟಿಕೊಂಡ ಕಂಟಾಕ್ಟರ್ ಸ್ಟಾಪ್ ಬಟನ್ ಮಾತು ಕೇಳುವುದಿಲ್ಲ.

ಇನ್ನೊಂದು ವಿಷಯ, ಇದು ಲ್ಯಾಡರ್ ಕಾಮೆಂಟ್‌ಗೆ ಸಂಬಂಧಪಟ್ಟಿದ್ದು. ಆ ಪ್ರೋಗ್ರಾಂನಲ್ಲಿ `I0.2` ಮೇಲೆ `PULL CORD` ಅಂತ ಅಷ್ಟೇ ಇತ್ತು. ಅದನ್ನು "ಎಮರ್ಜೆನ್ಸಿ ಹಗ್ಗ" ಅಂತ ಮಾಡಿದರೆ ಇಂಗ್ಲಿಷ್‌ನಲ್ಲಿದ್ದ ಕೊರತೆಯೇ ಕನ್ನಡಕ್ಕೂ ಬರುತ್ತದೆ. ಆ ಸ್ವಿಚ್ ವೈರಿಂಗ್ ಎನ್‌ಸಿ. ಹಗ್ಗ ಎಳೆಯದೆ ಇರುವಾಗ ಇನ್‌ಪುಟ್ 1. ಎಳೆದರೆ 0, ತಂತಿ ಕಟ್ಟಾದರೂ 0. ಲ್ಯಾಪ್‌ಟಾಪ್‌ನಲ್ಲಿ 0 ನೋಡಿದ ಹುಡುಗ "ಹಗ್ಗ ಎಳೆದಿಲ್ಲ, ಇದು ಕಾರಣ ಅಲ್ಲ" ಅಂತ ಮುಂದೆ ಹೋಗುತ್ತಾನೆ. ಲೈನ್ ನಿಂತಿರುವುದು ಅದೇ ಕಾರಣಕ್ಕೆ. ಆದ್ದರಿಂದ ಪ್ರತಿ ಇನ್‌ಪುಟ್ ಕಾಮೆಂಟ್‌ನಲ್ಲೂ 1 ಅಂದರೆ ಏನು ಅಂತ ಇರಲಿ: "ಹಗ್ಗ ಸರಿ=1, ಎಳೆದಿದೆ ಅಥವಾ ತಂತಿ ಕಟ್=0". ಇದನ್ನು ಡ್ರಾಯಿಂಗ್ ನೋಡಿ ಊಹಿಸಬೇಡಿ. ಲೈನ್ ನಿಂತಿರುವಾಗ ಒಬ್ಬರು ಹಗ್ಗ ಎಳೆಯಲಿ, ಇನ್ನೊಬ್ಬರು ಇನ್‌ಪುಟ್ ಕಾರ್ಡ್‌ನ ಎಲ್‌ಇಡಿ ನೋಡಲಿ.

ಮೇಲೆ ಬಂದಿರುವ ಉತ್ತರಗಳ ಬಗ್ಗೆಯೂ ಎರಡು ಮಾತು.

ಸಕಲೇಶಪುರದ ಗೆಳೆಯರು "ಇಂಗ್ಲಿಷ್ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು" ಅಂದಿದ್ದಾರೆ. ಪದಗಳ ಮಟ್ಟಿಗೆ ಅದು ಸರಿ. ಕಂಟಾಕ್ಟರ್, ಓವರ್‌ಲೋಡ್, ಟ್ರಿಪ್, ಬೆಲ್ಟ್ ಇವನ್ನೆಲ್ಲ ಹಾಗೇ ಇಡಿ, ಹುಡುಗರು ಆಡುವ ಮಾತೇ ಅದು. ಆದರೆ "ರನ್ ಎಫ್‌ಬಿ ಫೇಲ್" ಅಂತ ಬರೆದರೆ ಏನೂ ಬದಲಾಗಲಿಲ್ಲ. ಹುಡುಗರಿಗೆ ತೊಂದರೆ ಅಕ್ಷರದ್ದಲ್ಲ.

ಮೂಡಿಗೆರೆ ಸರ್ ತಮ್ಮ ತೋಟದ ಸ್ಪ್ರಿಂಕ್ಲರ್ ಪಂಪ್ ಸ್ಟಾರ್ಟರ್ ಬಗ್ಗೆ ಕೇಳಿದ್ದಾರೆ. ಸರ್, ನಿಮ್ಮ ಫೋಟೋದಲ್ಲಿ ಕಾಣುವುದು ಪಿಎಲ್‌ಸಿ ಅಲ್ಲ, ಡ್ರೈ ರನ್ ಮತ್ತು ಸಿಂಗಲ್ ಫೇಸ್ ಪ್ರಿವೆಂಟರ್ ಇರುವ ಮಾಮೂಲಿ ಸ್ಟಾರ್ಟರ್. ಅದರಲ್ಲಿ ಬದಲಾಯಿಸಲು ಪಠ್ಯ ಏನೂ ಇಲ್ಲ. ಯಾವ ದೀಪ ಹತ್ತಿದರೆ ಏನು ಅಂತ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿ, ಸಾಕು.

ಬೇಲೂರಿನ ಅಣ್ಣ ಹೇಳಿದ್ದು ಪೂರ್ತಿ ಸರಿ: ಟ್ಯಾಗ್ ಹೆಸರು, ಅಡ್ರೆಸ್, ಅಲಾರಂ ನಂಬರ್ ಮುಟ್ಟಬೇಡಿ. ರಾತ್ರಿ ಪ್ಯಾನೆಲ್ ಮಾಡಿದವರಿಗೆ ಫೋನ್ ಮಾಡಿದಾಗ ಅವರಿಗೆ ಅರ್ಥವಾಗುವುದು `A047` ಮಾತ್ರ. ಕನ್ನಡವನ್ನು ಇನ್ನೊಂದು ಭಾಷೆಯಾಗಿ ಸೇರಿಸಿ, ಇಂಗ್ಲಿಷ್ ಅಳಿಸಬೇಡಿ. ಅವರ ಇನ್ನೊಂದು ಮಾತು, ಲ್ಯಾಡರ್ ಕಾಮೆಂಟ್‌ಗೆ ಕನ್ನಡ ಬೇಡವೇ ಬೇಡ ಅನ್ನುವುದು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಳೆ ಪ್ರೋಗ್ರಾಂ ಬದಲಾಯಿಸಲು ಬರುವ ಎಂಜಿನಿಯರ್‌ಗೆ ಕನ್ನಡ ಬರದೆ ಇರಬಹುದು, ಅವನು ರಂಗ್ ಬದಲಾಯಿಸಿ ಕಾಮೆಂಟ್ ಹಾಗೇ ಬಿಟ್ಟು ಹೋಗುತ್ತಾನೆ ಅನ್ನುವ ಅವರ ಭಯ ನಿಜ. ಆದರೆ ಇನ್‌ಪುಟ್‌ಗಳ 1 ಮತ್ತು 0 ಅರ್ಥವಾದರೂ ಕನ್ನಡದಲ್ಲಿ ಇರಬೇಕು ಅಂತ ನನ್ನ ಅಭಿಪ್ರಾಯ. ಅಣ್ಣ, ಇದರ ಮೇಲೆ ನೀವು ಮತ್ತೆ ಬರೆಯಿರಿ. ಹಾಗೇ ಒಂದು ಮಾತು: ಹಳೆಯ ಮತ್ತು ಸಣ್ಣ ಪಿಎಲ್‌ಸಿಗಳಲ್ಲಿ ಬಹಳಷ್ಟು ಸಲ ಕಾಮೆಂಟ್ ಪಿಎಲ್‌ಸಿ ಒಳಗೆ ಇರುವುದೇ ಇಲ್ಲ, ಪ್ರಾಜೆಕ್ಟ್ ಫೈಲ್‌ನಲ್ಲಿ ಮಾತ್ರ ಇರುತ್ತದೆ. ಆ ಫೈಲ್ ನಿಮ್ಮ ಕೈಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಈಗ ಶೀಟ್ ಕೆಲಸ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಬೇಡಿ, ಯೂನಿಕೋಡ್ ಆಗಿರಬೇಕು. ಇಲ್ಲದಿದ್ದರೆ ಸ್ಕ್ರೀನ್‌ನಲ್ಲಿ ಅರ್ಥವಿಲ್ಲದ ಅಕ್ಷರ ಬರುತ್ತದೆ. ಸಿಎಸ್‌ವಿ ಕೇಳಿದರೆ ಎಕ್ಸೆಲ್‌ನಲ್ಲಿ `CSV UTF-8` ಅಂತಲೇ ಆರಿಸಿ. ಬರೀ `CSV` ಆರಿಸಿದರೆ ಕನ್ನಡ ಇದ್ದ ಕಡೆ ಎಲ್ಲಾ `????` ಆಗುತ್ತದೆ, ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ.

ಅಲಾರಂನಲ್ಲಿ ಅಂಕಿ ತೋರಿಸುವ ಗುರುತು ಇದ್ದರೆ ಹುಷಾರು. ಡ್ರೈಯರ್‌ಗೆ ಇಂಥದ್ದೊಂದು ಇತ್ತು:

```
DRYER TEMP %d ABOVE SET %d
```

ಕನ್ನಡದಲ್ಲಿ ಸಹಜವಾಗಿ ಬರುವುದು "ಸೆಟ್ `%d` ಇದೆ, ಡ್ರೈಯರ್ ಬಿಸಿ `%d` ಆಗಿದೆ". ಆದರೆ ಸ್ಕ್ರೀನ್ ಮೊದಲ ಗುರುತಿಗೆ ಮೊದಲ ಅಂಕಿಯನ್ನೇ ಹಾಕುತ್ತದೆ. ನಿಜವಾಗಿ ಬಿಸಿ 62, ಸೆಟ್ 55 ಇದ್ದರೆ, ಸ್ಕ್ರೀನ್‌ನಲ್ಲಿ ಸೆಟ್ 62, ಬಿಸಿ 55 ಅಂತ ಬರುತ್ತದೆ. ಓದಿದವನು ಬಿಸಿ ಕಮ್ಮಿ ಇದೆ ಅಂದುಕೊಳ್ಳುತ್ತಾನೆ. ಮೂಲದ ಕ್ರಮ ಬಿಡಬೇಡಿ: "ಡ್ರೈಯರ್ ಬಿಸಿ `%d`, ಜಾಸ್ತಿ ಆಗಿದೆ. ಸೆಟ್ `%d`".

ಇಷ್ಟೆಲ್ಲಾ ಮಾಡುವ ಮೊದಲು ನಿಮ್ಮ ಸ್ಕ್ರೀನ್ ಕನ್ನಡ ತೋರಿಸುತ್ತದಾ ಅಂತ ಒಂದೇ ಒಂದು ಸಾಲು ಹಾಕಿ ಪರೀಕ್ಷಿಸಿ. "ಬೆಲ್ಟ್ ಅರ್ಧ ಕಿತ್ತಿದೆ, ಸ್ವಿಚ್ ರಕ್ಷಣೆ" ಅಂತ ಹಾಕಿ. ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಆ ಸ್ಕ್ರೀನ್ ಮೇಲೇ ನೋಡಬೇಕು. ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ಬಂದರೆ, ಅರ್ಕಾವತ್ತು ಜಾಗ ತಪ್ಪಿದರೆ, ಆ ಸ್ಕ್ರೀನ್‌ಗೆ ಭಾರತೀಯ ಲಿಪಿ ಜೋಡಿಸಲು ಬರುವುದಿಲ್ಲ ಅಂತ ಅರ್ಥ. ಫಾಂಟ್ ಬದಲಾಯಿಸಿದರೂ ಸಾಮಾನ್ಯವಾಗಿ ಪ್ರಯೋಜನ ಇಲ್ಲ. ಆಗ ಮುಖ್ಯವಾದ ಅಲಾರಂಗಳ ಕನ್ನಡವನ್ನು ಚಿತ್ರವಾಗಿ ಮಾಡಿ, ಆ ಬಿಟ್ ಬಂದಾಗ ಚಿತ್ರ ತೋರಿಸಬಹುದು. ಅಲಾರಂ ಹಿಸ್ಟರಿ ಇಂಗ್ಲಿಷ್‌ನಲ್ಲೇ ಉಳಿಯುತ್ತದೆ. ಉಳಿದವುಗಳಿಗೆ ನಂಬರ್ ಪ್ರಕಾರ ಪುಸ್ತಕ ಮಾಡಿ ಪ್ಯಾನೆಲ್ ಬಾಗಿಲಿಗೆ ನೇತು ಹಾಕಿ.

ಕೊನೆಗೆ ಪರೀಕ್ಷೆ. ಲೈನ್ ಖಾಲಿ ಇರುವಾಗ, ಎಲ್ಲರಿಗೂ ಹೇಳಿ, ನಿಮ್ಮ ಲೈನಿನಲ್ಲಿ `I1.4` ತರಹದ ತಂತಿಯನ್ನು ಟರ್ಮಿನಲ್‌ನಲ್ಲಿ ಬಿಚ್ಚಿ ಎಲಿವೇಟರ್ ಸ್ಟಾರ್ಟ್ ಕೊಡಿ. ಟೈಮರ್‌ನ ಸಮಯ ಆದ ಮೇಲೆ A047 ತರಹದ ಅಲಾರಂ ಬರಬೇಕು. ಅದನ್ನು ಬರೆಯಲು ಜೊತೆಗಿಲ್ಲದ ಹುಡುಗನನ್ನು ಕರೆದು ಓದಿಸಿ, "ಈಗ ಎಲ್ಲಿಗೆ ಹೋಗ್ತೀಯಾ?" ಅಂತ ಕೇಳಿ. ಅವನು ಪ್ಯಾನೆಲ್ ಕಡೆ ಹೊರಟರೆ ಆ ಸಾಲು ಸರಿ ಇದೆ. ಏಣಿ ಕಡೆ ಹೊರಟರೆ ಮತ್ತೆ ಬರೆಯಿರಿ.

ಎಲ್ಲಾ ಅಲಾರಂ ಒಂದೇ ಸಲ ಹಿಡಿಯಬೇಡಿ. ಹಿಸ್ಟರಿ ತೆಗೆದು, ಹೆಚ್ಚಾಗಿ ಬರುವವು ಮತ್ತು A048 ತರಹದ ಅಪಾಯದವು, ಇವಷ್ಟನ್ನೇ ಮೊದಲು ಮಾಡಿ. ಸ್ಕ್ರೀನ್ ಹಿಂಭಾಗದ ಮಾಡೆಲ್ ನಂಬರ್ ಫೋಟೋ ಮತ್ತು ಪರೀಕ್ಷೆ ಸಾಲು ಸ್ಕ್ರೀನ್‌ನಲ್ಲಿ ಹೇಗೆ ಬಂತು ಅನ್ನುವ ಫೋಟೋ ಇಲ್ಲೇ ಹಾಕಿ ಸರ್, ನೋಡಿ ಹೇಳುತ್ತೇನೆ.