ನಂಬರ್ ಪ್ಲೇಟ್ ಅರ್ಧ ಮಾತ್ರ ಕಂಡಿದ್ದರೆ ಪೊಲೀಸರಿಗೆ ಏನಂತ ಹೇಳುವುದು?

ಪ್ರಶ್ನೆ: ನಿನ್ನೆ ಸಂಜೆ ಸಿದ್ದಾಪುರ ರಸ್ತೆಯಲ್ಲಿ ಒಂದು ಗಾಡಿ ಸ್ಕೂಟರಿಗೆ ಗುದ್ದಿ ನಿಲ್ಲಿಸದೆ ಹೋಯಿತು. ನಾಳೆ ಠಾಣೆಗೆ ಹೇಳಿಕೆ ಕೊಡಲು ಬನ್ನಿ ಅಂದಿದ್ದಾರೆ. ನಂಬರ್ ಪೂರ್ತಿ ನೋಡಿಲ್ಲ, ಬಣ್ಣವೂ ಖಾತ್ರಿಯಿಲ್ಲ. ತಪ್ಪು ಹೇಳಿ ಸಿಕ್ಕಿಹಾಕಿಕೊಳ್ಳುತ್ತೇನಾ?

ಹೋದ ಮಳೆಗಾಲದಲ್ಲಿ ನನಗೂ ಇದೇ ಆಯಿತು. ಬೋಯಿಕೇರಿಯಲ್ಲಿ ಬಸ್ಸಿಗೆ ನಿಂತಿದ್ದೆ. ಜಡಿಮಳೆ, ಮಂಜು, ಕತ್ತಲಾಗುವ ಹೊತ್ತು. ಹಿಂದಿನಿಂದ ಧಡ್ ಅಂತ ಶಬ್ದ ಬಂತು. ತಿರುಗಿ ನೋಡಿದರೆ ತೋಟದ ಕೆಲಸ ಮುಗಿಸಿ ಹೋಗುತ್ತಿದ್ದ ಒಬ್ಬರು ಚರಂಡಿ ಪಕ್ಕ ಬಿದ್ದಿದ್ದರು, ಒಂದು ಪಿಕಪ್ ಹೋಗುತ್ತಿತ್ತು.

ಠಾಣೆಯಲ್ಲಿ ರೈಟರ್ ಬರೆಯುತ್ತಾ "ಪಿಕಪ್ ಬಂದು ಗುದ್ದಿದ್ದನ್ನು ಕಣ್ಣಾರೆ ಕಂಡೆ" ಅಂತ ಹಾಕಿದರು. ನಾನು ಕಂಡದ್ದು ಶಬ್ದದ ನಂತರದ್ದು. ಅದನ್ನು ಹೇಳಲು ಮುಜುಗರವಾಯಿತು, ಆದರೂ ತಿದ್ದಿಸಿದೆ: ಮೊದಲು ಶಬ್ದ ಕೇಳಿಸಿತು, ತಿರುಗಿದಾಗ ಬೇರೆ ಗಾಡಿ ಯಾವುದೂ ರಸ್ತೆಯಲ್ಲಿರಲಿಲ್ಲ, ಆ ಪಿಕಪ್ ಒಂದೇ ಇತ್ತು. ಹೀಗೆ ಬರೆದರೂ ಸಾಕ್ಷಿ ದುರ್ಬಲವಾಗುವುದಿಲ್ಲ. "ಡ್ರೈವರ್ ಕುಡಿದಿದ್ದ" ಅಂತ ಅಲ್ಲಿ ಸೇರಿದವರು ಮಾತಾಡುತ್ತಿದ್ದರು. ನಾನು ಡ್ರೈವರ್ ಮುಖವನ್ನೇ ನೋಡಿರಲಿಲ್ಲ, ಹಾಗಾಗಿ ಅದನ್ನು ನನ್ನ ಮಾತಾಗಿ ಬರೆಸಲಿಲ್ಲ.

ನಂಬರಿನ ವಿಷಯ ಇನ್ನೂ ಸೂಕ್ಷ್ಮ. ಕೊನೆಯ ಎರಡು ಅಂಕಿ 47, ಇದು ಖಾತ್ರಿ. ಅದರ ಹಿಂದಿನದು 3 ಅಥವಾ 8. ಕೆಸರು ಹತ್ತಿದ ಪ್ಲೇಟಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಮೊದಲ ಅಂಕಿ, ಅದಕ್ಕೂ ಹಿಂದಿನ ಅಕ್ಷರ ಕಾಣಲಿಲ್ಲ. ಆದರೂ ಬಾಯಿಗೆ "KA 12" ತಾನಾಗಿ ಬಂದುಬಿಟ್ಟಿತ್ತು! ಕೊಡಗಿನಲ್ಲಿ ದಿನವಿಡೀ ನೋಡುವುದು ಅದನ್ನೇ, ಹಾಗಾಗಿ ಕಾಣದ ಜಾಗವನ್ನು ಮನಸ್ಸು ಅದರಿಂದಲೇ ತುಂಬಿಸಿಕೊಳ್ಳುತ್ತದೆ. ಯೋಚಿಸಿ ನೋಡಿದಾಗ KA ಮಾತ್ರ ಕಂಡ ನೆನಪು. ಅಷ್ಟನ್ನೇ ಬರೆಸಿದೆ. ಪ್ಲೇಟು ಹಳದಿ ಅನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು, ಅಂದರೆ ಬಾಡಿಗೆಗೆ ಓಡುವ ಗಾಡಿ. ಬಾಡಿ ಬಣ್ಣ ಬಿಳಿ ಅನ್ನಿಸಿತ್ತು. ಆದರೆ ಮಂಜಿನಲ್ಲಿ ಸಿಲ್ವರ್, ಕ್ರೀಮ್ ಎಲ್ಲ ಬಿಳಿಯೇ. "ತಿಳಿ ಬಣ್ಣ, ಬಿಳಿ ಇರಬಹುದು" ಅಂದೆ. ಕಂಪನಿ ಹೆಸರು ಹೇಳಲಿಲ್ಲ, "ಹಿಂದೆ ಟಾರ್ಪಾಲು ಕಟ್ಟಿದ ಪಿಕಪ್" ಅಂದೆ.

ಕೊನೆಗೆ ಸಿಕ್ಕಿದ್ದು ಹುಣಸೂರಿನ KA 45 ಗಾಡಿ, ಅಂಕಿ 8. ನಾನು KA 12 ಅಂತಲೋ 3 ಅಂತಲೋ ಗಟ್ಟಿಯಾಗಿ ಹೇಳಿದ್ದರೆ ಹುಡುಕಾಟ ಬೇರೆ ಕಡೆ ಹೋಗುತ್ತಿತ್ತು. "3 ಅಥವಾ 8, ಕೊನೆಗೆ 47" ಅಂದರೆ ಒಂದೊಂದು ಸರಣಿಯಲ್ಲಿ 20 ನಂಬರು ನೋಡಿದರೆ ಮುಗಿಯಿತು. ಅದರಲ್ಲೂ ಹಳದಿ ಪ್ಲೇಟಿನವು ಇನ್ನೂ ಕಡಿಮೆ.

ನಿಜವಾಗಿ ಕೆಲಸಕ್ಕೆ ಬಂದದ್ದು ದಿಕ್ಕು ಮತ್ತು ಹೊತ್ತು. ನಮ್ಮ ತಿರುವು ರಸ್ತೆಯಲ್ಲಿ ಎಡಕ್ಕೆ ಬಲಕ್ಕೆ ಅಂದರೆ ಏನೂ ತಿಳಿಯುವುದಿಲ್ಲ. ಊರಿನ ಹೆಸರಲ್ಲೇ ಹೇಳಿ: "ಸುಂಟಿಕೊಪ್ಪದ ಕಡೆಯಿಂದ ಬಂದು ಮಡಿಕೇರಿ ಕಡೆಗೆ ಹೋಯಿತು." ಹೊತ್ತನ್ನು ಅಂದಾಜಿನಲ್ಲಿ ಹೇಳದೆ ಫೋನ್ ತೆಗೆದು ನೋಡಿ. ನಾನು 112ಕ್ಕೆ ಕರೆ ಮಾಡಿದ್ದು 6:52ಕ್ಕೆ, ಘಟನೆ ಅದಕ್ಕೆ ಎರಡು ಮೂರು ನಿಮಿಷ ಮುಂಚೆ. ಅದನ್ನು ಹಿಡಿದುಕೊಂಡೇ ಅವರು ಮಡಿಕೇರಿ ಕಡೆಯ ಒಂದು ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಿದರು. ಎಡಗಡೆ ಹೆಡ್‌ಲೈಟ್ ಒಡೆದ ಪಿಕಪ್ ಕಾಣಿಸಿತು. ಮಹಜರಿನಲ್ಲಿ ಸಿಕ್ಕ ಗಾಜಿನ ಚೂರಿಗೂ ಅದಕ್ಕೂ ತಾಳೆಯಾಯಿತು. ಕ್ಯಾಮೆರಾದಲ್ಲಿ ಹಳೆಯ ದೃಶ್ಯ ಕೆಲವೇ ದಿನ ಉಳಿಯುತ್ತದೆ, ಹಾಗಾಗಿ ನಾಳೆಗೆ ಕಾಯದೆ ಇವತ್ತೇ ದಿಕ್ಕು, ಹೊತ್ತು ಮಾತ್ರವಾದರೂ ಫೋನಿನಲ್ಲಿ ಹೇಳಿಬಿಡಿ.

ಸಿಕ್ಕಿಹಾಕಿಕೊಳ್ಳುವ ಭಯಕ್ಕೆ: ತನಿಖೆಯಲ್ಲಿ ಕೊಡುವ ಸಾಕ್ಷಿ ಹೇಳಿಕೆಗೆ ನಿಮ್ಮ ಸಹಿ ಬೇಕಿಲ್ಲ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180, 181ನೇ ಕಲಮಿನಲ್ಲಿ ಹಾಗಿದೆ. ದೂರು ನೀವೇ ಕೊಟ್ಟರೆ ಅದು ಬೇರೆ, ಅದಕ್ಕೆ ಸಹಿ ಹಾಕಬೇಕು. ಆದರೆ ಸಹಿಯಿಲ್ಲ ಅಂತ ಹಗುರ ಮಾಡಬೇಡಿ. ಮುಂದೆ ಕೋರ್ಟಿನಲ್ಲಿ ಬೇರೆ ಹೇಳಿದರೆ ಎದುರು ವಕೀಲರು ಇದೇ ಹಾಳೆ ಹಿಡಿದು "ಆಗ ಹೀಗೆ ಹೇಳಿದ್ದಿರಲ್ಲಾ" ಅಂತ ಕೇಳುತ್ತಾರೆ. ಅನುಮಾನ ಇದ್ದದ್ದು ಅನುಮಾನವಾಗಿಯೇ ಹಾಳೆಯಲ್ಲಿದ್ದರೆ ಆ ಪ್ರಶ್ನೆಗೆ ಜಾಗವೇ ಇರುವುದಿಲ್ಲ. ಬರೆದಾದ ಮೇಲೆ ಒಮ್ಮೆ ಓದಿ ಹೇಳಿ ಅಂತ ಕೇಳಿ, "ಇರಬಹುದು" ಅಂದದ್ದು "ಇತ್ತು" ಆಗಿದೆಯಾ ನೋಡಿ. ನನ್ನದರಲ್ಲಿ ಎರಡು ಕಡೆ ಆಗಿತ್ತು. ರೈಟರ್ ಗೊಣಗಿದರು, ತಿದ್ದಿದರು.

ಇವತ್ತು ರಾತ್ರಿ ಬೇರೆಯವರ ಜೊತೆ ಈ ವಿಷಯ ಮಾತಾಡುವ ಮುಂಚೆ, ನೆನಪಿರುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.